ಮುಟ್ಟದ ಗೆರೆ

ಅರ್ಜಿಯ ಮನೆಗಳೆಲ್ಲ ತುಂಬುತ್ತ ಬಂದಿದ್ದವು. ಹೆಸರು ಕಲ್ಯಾಣಿ, ಊರು ಗಬ್ಬೂರು, ತಾಲೂಕು ದೇವದುರ್ಗ. ಖಾಲಿ ಉಳಿದಿದ್ದು ಒಂದೇ ಮನೆ, ವಿಷಯದ್ದು.

ರಾಯಚೂರಿನ ಆ ಪದವಿ ಕಾಲೇಜಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥೆ ಉಮಾದೇವಿ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಮತ್ತೊಮ್ಮೆ ಓದಿದರು. ಎದುರಿಗೆ ಕಲ್ಯಾಣಿ ಕೂತಿದ್ದಳು. ಆರನೇ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡೂ ಕಣ್ಣು ತೆಗೆದುಕೊಂಡು ಹೋಗಿತ್ತು. ಪಿಯುಸಿ ಗಣಿತದಲ್ಲಿ ತೊಂಬತ್ತೊಂದು ಅಂಕ ಬಂದಿತ್ತು. ಪಕ್ಕದಲ್ಲಿ ಕೂತವರು ದೇವದುರ್ಗದಲ್ಲಿ ಅವಳಿಗೆ ಕಲಿಸಿದ ಜಗನ್ನಾಥಾಚಾರ್ಯರು. ಮಾನ್ವಿಯವರು, ಹಣೆಯಲ್ಲಿ ಮಾಧ್ವರ ಸಣ್ಣ ಅಂಗಾರದ ಬೊಟ್ಟು, ಜೇಬಿನಲ್ಲಿ ಎರಡು ಪೆನ್ನು.

"ಕಾನೂನು ತಡಿಯಂಗಿಲ್ಲಮ್ಮ, ನೀನು ಬಿ.ಎಸ್ಸಿ. ಗಣಿತ ಕೇಳಬಹುದು. ಹೆದರಾಕತ್ತಿದ್ದು ನಾನು," ಅಂದರು ಉಮಾದೇವಿ. "ಲೆಕ್ಕ ಬಾಯಿಲೆ ಮಾಡ್ತಿ, ಖರೆ. ಆದ್ರ ನಮ್ಮಲ್ಲಿ ಮೊದಲನೇ ವರ್ಷದಿಂದನ ಚಿತ್ರ. ವಕ್ರರೇಖೆ ತೋರಿಸಿ ಸಮೀಕರಣ ಕೇಳ್ತಾರ. ಅರ್ಧ ದಾರಿಗೆ ಬಂದು ನಿಂತ್ಯಂದ್ರ ನಿನ್ನ ಮೂರು ವರ್ಷ ನಾ ಎಲ್ಲಿಂದ ತಂದುಕೊಡ್ಲಿ? ಇತಿಹಾಸ ತಗೋ. ಚಲೋ ಮೇಷ್ಟ್ರು ಅದಾರ."

"ಚಿತ್ರ ಯಾರರ ಹೇಳಿದ್ರ ಸಾಕ್ರಿ ಮೇಡಂ," ಅಂದಳು ಕಲ್ಯಾಣಿ. "ಸಮೀಕರಣ ನಾ ಹೇಳ್ತೀನಿ."

ಕಿಟಕಿಯ ಬಳಿ ನಿಂತಿದ್ದ ಉಪನ್ಯಾಸಕ ಹುಸೇನಪೀರರು ನಕ್ಕರು. ಕೆಟ್ಟ ನಗೆಯಲ್ಲ. ಇಪ್ಪತ್ತು ವರ್ಷ ಪಾಠ ಮಾಡಿ, ಕಣ್ಣಿದ್ದವರೇ ಚಿತ್ರ ನೋಡಲಾರದ್ದನ್ನು ಕಂಡವರ ನಗೆ. "ಯಾರು ಹೇಳ್ತಾರವ್ವಾ? ಪರೀಕ್ಷಾದಾಗ ನಿನ್ನ ಬಾಜೂ ಕೂತು ಉತ್ತರ ಬರಕೊಡೋರು ಗಣಿತ ಓದಿದವರು ಇರಂಗಿಲ್ಲ. ಓದಿದವರು ಕೂಡಬಾರದು ಅಂತನ ನಿಯಮ ಅದ."

"ಇವತ್ತು ನಾನು ಹೇಳ್ತೀನಿ," ಎಂದು ಜಗನ್ನಾಥರು ಕುರ್ಚಿಯಲ್ಲಿ ಮುಂದೆ ಸರಿದರು.

"ನೀವು ಬ್ಯಾಡ್ರಿ ಸರ್. ನೀವು ಹೇಳಿದ್ರ ಅರ್ಧ ಉತ್ತರ ನಿಮ್ಮ ದನಿಯಾಗ ಇರ್ತದ. ಗಣಿತ ಗೊತ್ತಿಲ್ಲದವರು ಬೇಕು," ಅಂದರು ಹುಸೇನಪೀರರು.

"ಹಂಗಂದ್ರ ಹೊರಗ ಅದಾಳಲ್ರಿ," ಅಂದಳು ಕಲ್ಯಾಣಿ, "ನಮ್ಮವ್ವ."

ಗೋಪಮ್ಮ ಮೊಗಸಾಲೆಯ ಕಟ್ಟೆಯ ಮೇಲೆ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಬ್ಬೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವಳದು. ಇವತ್ತು ಹೇಳಿ ರಜೆ ಹಾಕಿ ಬಂದಿದ್ದಳು. ಏಳನೇ ಇಯತ್ತೆಗೆ ಓದು ಬಿಟ್ಟವಳು. ಆದರೆ ಮಗಳು ಪಿಯುಸಿ ಸೇರಿದ ಮೇಲೆ ಪುಸ್ತಕದ ಚಿತ್ರ ನೋಡಿ ಹೇಳುವವರು ಮನೆಯಲ್ಲಿ ಬೇರೆ ಯಾರಿದ್ದರು? ಕೂಲಿಗೆ ಹೋಗಿ ಬರುವ ಗಂಡ ಉಂಡೊಡನೆ ಮಲಗುವವನು. ಬೇಸಿಗೆಯ ರಜೆಯಲ್ಲಿ ತಾಯಿ ಮಗಳು ಬಸ್ಸು ಹತ್ತಿ ಮಾನ್ವಿಗೆ ಹೋಗುತ್ತಿದ್ದರು. ಜಗನ್ನಾಥರ ಮನೆಯ ಪಡಸಾಲೆಯಲ್ಲಿ ಗ್ರಾಫ್ ಹಾಳೆ ಹಾಸಿಕೊಂಡು ಮೂವರೂ ಕೂಡುತ್ತಿದ್ದರು. ಜಗನ್ನಾಥರು ಕಲಿಸಿದ್ದು ಮಗಳಿಗೆ ಲೆಕ್ಕ, ತಾಯಿಗೆ ನೋಡುವುದು.

ನೋಡುವುದೂ ಒಂದು ವಿದ್ಯೆಯೇ. ದೇವರ ಮುಂದೆ ನಿಂತ ಎಲ್ಲರಿಗೂ ದೇವರು ಕಾಣುತ್ತಾನೆಯೇ? ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂದು ಗೊತ್ತಿದ್ದವನಿಗೆ ಒಂದಿಷ್ಟು ಕಂಡೀತು. ಬಾಗಿ ಹೋಗುವ ರೇಖೆಯ ಮೇಲೆ ಬಿಂದುಗಳಿಗೆ ಲೆಕ್ಕವಿಲ್ಲ. ಅಷ್ಟನ್ನೂ ಹೇಳಲು ಆಯುಷ್ಯ ಸಾಲದು, ಹೇಳಬೇಕಾಗಿಯೂ ಇಲ್ಲ. ನೆಲವನ್ನು ಎಲ್ಲಿ ದಾಟಿತು, ಕಂಬವನ್ನು ಎಲ್ಲಿ ದಾಟಿತು, ಎಲ್ಲಿ ತಿರುಗಿ ಹೊಳ್ಳಿತು, ಯಾವ ಗೆರೆಯ ಹತ್ತಿರ ಹತ್ತಿರ ಹೋಗುತ್ತದೆ. ಇಷ್ಟು ಸಿಕ್ಕರೆ ಉಳಿದದ್ದನ್ನು ಸಮೀಕರಣ ತಾನೇ ಹೇಳುತ್ತದೆ. ಅಡ್ಡ ಅಕ್ಷಕ್ಕೆ ಗೋಪಮ್ಮ ನೆಲ ಎಂದಳು, ನಿಂತ ಅಕ್ಷಕ್ಕೆ ಕಂಬ, ಹಾಳೆಯ ಚೌಕಕ್ಕೆ ಮನಿ, ರೇಖೆಗೆ ಬಳ್ಳಿ. ಪುಸ್ತಕದಲ್ಲಿ ಅನಂತಸ್ಪರ್ಶಕ ಎಂದಿರುವ ಗೆರೆಗೆ ಮಾತ್ರ ಹೆಸರಿಟ್ಟವರು ಜಗನ್ನಾಥರು. "ಬಳ್ಳಿ ಅದರ ಹತ್ರ ಹೋಗ್ತದ, ಹೋಗ್ತದ, ಮುಟ್ಟಂಗಿಲ್ಲ. ಅದಕ್ಕ ಮುಟ್ಟದ ಗೆರೆ ಅನ್ನೂಣು," ಎಂದಿದ್ದರು.

ಗೋಪಮ್ಮ ಆಗ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. "ಮುಟ್ಟಬ್ಯಾಡ ಅನ್ನೂದು ಗೆರಿಗಳಿಗೂ ಅದ ಏನ್ರಿ ಸರ್ರ?"

ಜಗನ್ನಾಥರ ಮುಖ ಕೆಂಪಾಗಿತ್ತು. ಬೇರೆ ಹೆಸರು ಹುಡುಕುತ್ತೇನೆ ಅಂದರು, ಹುಡುಕಲಿಲ್ಲ. ಅಷ್ಟರಲ್ಲಿ ಆ ಹೆಸರು ಮೂವರ ನಾಲಿಗೆಗೂ ಅಂಟಿಕೊಂಡಿತ್ತು.

ಈಗ ಗೋಪಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತಳು. ಉಮಾದೇವಿ ಕುರ್ಚಿ ತೋರಿಸಿದರು. "ಬರ್ರಿ, ಕೂಡ್ರಿ." ಕೂತಳು, ಆದರೆ ತುದಿಗೆ.

ಹುಸೇನಪೀರರು ಬೀರುವಿನಿಂದ ಒಂದು ಸುರುಳಿ ತೆಗೆದರು. ಎರಡು ಗ್ರಾಫ್ ಹಾಳೆ ಅಂಟಿಸಿ ಅವರೇ ಕೈಯಾರೆ ಬಿಡಿಸಿದ್ದು. ಕಂಬದಿಂದ ಎಡಕ್ಕೆ ಇಪ್ಪತ್ತು ಮನೆ, ಬಲಕ್ಕೆ ಇಪ್ಪತ್ತು ಮನೆ. ಇದನ್ನು ತೋರಿಸಿ ಸಮೀಕರಣ ಕೇಳಿದರೆ ಎರಡನೇ ವರ್ಷದ ತರಗತಿಯಲ್ಲಿ ಇಬ್ಬರೋ ಮೂವರೋ ಕೈ ಎತ್ತುತ್ತಿದ್ದರು. ಅದನ್ನು ಗೋಪಮ್ಮನ ಮುಂದೆ ಹಾಸಿ ನಾಲ್ಕೂ ಮೂಲೆಗೆ ಪುಸ್ತಕ ಇಟ್ಟರು.

"ಕೇಳ್ರಿ," ಅಂದರು ಉಮಾದೇವಿ. "ತಾಯಿ ನೋಡಿ ಹೇಳಬೇಕು, ಮಗಳು ಕೇಳಬಹುದು. ಜಗನ್ನಾಥ ಸರ್, ನೀವು ಕೆಮ್ಮೂಹಂಗೂ ಇಲ್ಲ. ಸಮೀಕರಣ ಬಂದ್ರ ಅರ್ಜಿಯ ಈ ಖಾಲಿ ಮನೆಯಾಗ ನಾನೇ ಗಣಿತ ಅಂತ ಬರೀತೀನಿ. ಬರಲಿಲ್ಲಂದ್ರ, ನನ್ನ ಮಾತು ಕೇಳಬೇಕು. ಒಪ್ಪಿಗೇನಾ?"

"ಒಪ್ಪೀನ್ರಿ," ಅಂದಳು ಕಲ್ಯಾಣಿ.

ಗೋಪಮ್ಮ ಕಣ್ಣು ಮುಚ್ಚಿ ದೇವಸುಗೂರಿನ ಸೂಗೂರೇಶ್ವರನನ್ನು ನೆನೆದಳು. ಬೇಡಿಕೊಳ್ಳಲು ಪುರುಸೊತ್ತಿರಲಿಲ್ಲ, ಹೆಸರಷ್ಟೇ ಹೇಳಿಕೊಂಡಳು. ಆಮೇಲೆ ತೋರುಬೆರಳನ್ನು ಹಾಳೆಯ ಎಡತುದಿಗೆ ಇಟ್ಟಳು.

"ಎಡಗಡಿಂದ ಬರಾಕತ್ತೀನಿ. ಬಳ್ಳಿ ನೆಲದ ಮ್ಯಾಲ ಅದ, ಸಾವಕಾಶ ಇಳಿಕೋಂತ ಬರ್ತದ. ಎಡಕ್ಕ ನಾಲ್ಕನೇ ಮನಿಗೆ ನೆಲ ದಾಟಿ ಕೆಳಗ ಹೋಯ್ತು."

"ಮುಟ್ಟಿ ಹೊಳ್ಳತೋ, ದಾಟತೋ?"

"ದಾಟತು ಅಂದೆನಲ್ಲ. ಕೆಳಗ ಹೋಗಿ, ಎಡಕ್ಕ ಒಂದು ಕೆಳಗ ಒಂದು, ಅಲ್ಲಿ ಹೊಳ್ಳೋ ಜಾಗ. ಅಲ್ಲಿಂದ ಏರತದ. ನೆಲ, ಕಂಬ ಕೂಡೋ ಮೂಲ್ಯಾಗ ಮತ್ತ ದಾಟತದ."

"ಅಲ್ಲಿ ಮಲಗಿ ದಾಟತದೇನು? ಸ್ವಲ್ಪ ಹೊತ್ತು ನೆಲದ ಗುಂಟ ಹೋಗಿ?"

"ಇಲ್ಲಬೇ. ಏಣಿ ಹತ್ತಿದಂಗ ಓರೆಯಾಗಿ ದಾಟತದ. ಆ ಕಡಿ ನಾಲ್ಕರಾಗೂ ಹಂಗ, ಮಲಗಿಲ್ಲ. ಆಮ್ಯಾಲ ಬಲಕ್ಕ ಎರಡರಾಗ ಒಂದು ನಿಂತ ಮುಟ್ಟದ ಗೆರಿ. ಬಳ್ಳಿ ಅದರ ಬಾಜೂ ಮ್ಯಾಲ ಹೋಗಿ ಹಾಳಿ ದಾಟಿ ಹೋಯ್ತು. ಗೆರಿಯ ಬಲಬಾಜೂನೂ ಮ್ಯಾಲಿಂದನ ಇಳೀತದ. ಇಳಿಕೋಂತ ಇಳಿಕೋಂತ ಬಲತುದಿಗೆ ಹೋಗ್ತದ. ಆ ಕಡಿ ನೆಲ ದಾಟಿಲ್ಲ, ಹೊಳ್ಳಿಲ್ಲ."

ಹುಸೇನಪೀರರು ಕೈಕಟ್ಟಿ ನಿಂತಿದ್ದವರು ಒಂದು ಹೆಜ್ಜೆ ಹತ್ತಿರ ಬಂದರು. ತಾವೇ ಬಿಡಿಸಿದ ಚಿತ್ರವನ್ನು ಹೀಗೆ ಯಾರ ಬಾಯಲ್ಲೂ ಅವರು ಕೇಳಿರಲಿಲ್ಲ.

"ಮಲಗಿದ ಮುಟ್ಟದ ಗೆರಿ ಎಷ್ಟರಾಗ ಅದ?" ಎಂದಳು ಕಲ್ಯಾಣಿ.

ಗೋಪಮ್ಮ ಹಾಳೆಯನ್ನು ನೋಡಿದಳು. ಬೆರಳು ಒಂದು ಕಡೆ ನಿಂತಿತು, ಮುಂದೆ ಸರಿಯಿತು, ಮತ್ತೆ ಹಿಂದೆ ಬಂತು.

"ಅಂಥಾದ್ದಿಲ್ಲ," ಅಂದಳು.

ಜಗನ್ನಾಥರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದರು. ಹಾಳೆಯ ಮೇಲೆ, ನೆಲದಿಂದ ಮೂರು ಮನೆ ಎತ್ತರದಲ್ಲಿ, ಎಡತುದಿಯಿಂದ ಬಲತುದಿಯವರೆಗೆ ಚುಕ್ಕೆಗಳ ಗೆರೆ ಸ್ಪಷ್ಟವಾಗಿತ್ತು. ಗೋಪಮ್ಮನ ಬೆರಳು ಅದರ ಮೇಲೆಯೇ ನಿಂತಿತ್ತು. ನೋಡಿಯೂ ಇಲ್ಲ ಅಂದದ್ದು ಯಾಕೆ ಎಂದು ಅವರಿಗೆ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ತಪ್ಪು ಅವಳದಲ್ಲ. ಮಾನ್ವಿಯ ಪಡಸಾಲೆಯಲ್ಲಿ ಕೂತು ತಾವೇ ಇಟ್ಟ ಹೆಸರಿನದು. ಬಾಯಿ ತೆರೆಯುವಂತಿರಲಿಲ್ಲ. ರಾಘಪ್ಪಾ, ಗುರುರಾಯಾ, ನನ್ನ ಜಾಣತನ ಈ ಹುಡುಗಿಗೆ ಅಡ್ಡ ಬರದಿರಲಿ ಎಂದು ಒಳಗೊಳಗೇ ಅಂದುಕೊಂಡರು.

ಹುಸೇನಪೀರರು ಉಮಾದೇವಿಯವರ ಕಡೆ ನೋಡಿ ಆಗಲಿಲ್ಲವೆಂಬಂತೆ ಮೆಲ್ಲಗೆ ತಲೆ ಆಡಿಸಿದರು. ಉಮಾದೇವಿ ಇತಿಹಾಸದ ಮೇಷ್ಟ್ರ ಹೆಸರು ನೆನಪಿಸಿಕೊಳ್ಳುವವರಂತೆ ಪೆನ್ನಿನ ಮುಚ್ಚಳ ಹಾಕಿದರು.

ಕಲ್ಯಾಣಿಗೆ ಇದು ಯಾವುದೂ ಕಾಣಲಿಲ್ಲ. ಅವಳು ಬಲಗೈ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಕೂತಿದ್ದಳು, ಜಪ ಎಣಿಸುವವರ ಹಾಗೆ.

"ಮೇಡಂರೀ, ಬಾಯಿಬಿಟ್ಟು ವಿಚಾರ ಮಾಡಲೇನ್ರಿ?"

"ಮಾಡು."

"ನೆಲ ದಾಟಿದ್ದು ಎರಡು ಕಡಿ, ಸೊನ್ನೆಯಾಗ ಮತ್ತ ಮೈನಸ್ ನಾಲ್ಕರಾಗ. ಓರೆಯಾಗಿ ದಾಟ್ಯದ, ಮುಟ್ಟಿ ಹೊಳ್ಳಿಲ್ಲ, ಮಲಗಿಲ್ಲ. ಅಂದಮ್ಯಾಲ ಮ್ಯಾಲಿನ ಸಾಲಿನಾಗ ಎಕ್ಸ್ ಒಂದೇ ಸಲ, ಎಕ್ಸ್ ಪ್ಲಸ್ ಫೋರ್ ಒಂದೇ ಸಲ. ನಿಂತ ಗೆರಿ ಎರಡರಾಗ, ಅಂದ್ರ ಕೆಳಗ ಎಕ್ಸ್ ಮೈನಸ್ ಟೂ. ಎರಡೂ ಬಾಜೂ ಮ್ಯಾಲ ಹೋಗ್ಯದ, ಅದಕ್ಕ ಅದರ ಘಾತ ಸಮಸಂಖ್ಯೆ. ಎರಡೋ ನಾಲ್ಕೋ ಗೊತ್ತಿಲ್ಲ. ಎನ್ ಅಂತ ಇಟ್ಕೋತೀನಿ. ಎಲ್ಲಾದಕ್ಕೂ ಮುಂದ ಒಂದು ಕೆ."

"ಎನ್ ಹೆಂಗ ಹುಡುಕ್ತಿ?" ಉಮಾದೇವಿ ಕೇಳಿದರು.

"ಹೊಳ್ಳೋ ಜಾಗದಿಂದ್ರಿ. ಅಲ್ಲಿ ಇಳಿಜಾರು ಸೊನ್ನೆ ಆಗಬೇಕು. ಲಾಗ್ ತಗೊಂಡು ಡಿಫರೆನ್ಶಿಯೇಟ್ ಮಾಡಿದ್ರ ಒನ್ ಬೈ ಎಕ್ಸ್, ಪ್ಲಸ್ ಒನ್ ಬೈ ಎಕ್ಸ್ ಪ್ಲಸ್ ಫೋರ್, ಮೈನಸ್ ಎನ್ ಬೈ ಎಕ್ಸ್ ಮೈನಸ್ ಟೂ. ಎಕ್ಸಿಗೆ ಮೈನಸ್ ಒಂದು ಹಾಕಿದ್ರ, ಮೊದಲನೇದು ಮೈನಸ್ ಒಂದು. ಎರಡನೇದು ಮೂರರಾಗ ಒಂದು. ಮೂರನೇದು ಮೂರರಾಗ ಎನ್. ಕೂಡಿಸಿದ್ರ ಸೊನ್ನೆ ಬರಬೇಕು. ಎನ್ ಎರಡಾದ್ರನ ಬರ್ತದ, ಬ್ಯಾರೆ ಯಾವುದಕ್ಕೂ ಬರಂಗಿಲ್ಲ."

ಮುಚ್ಚಳ ಹಾಕಿದ ಪೆನ್ನು ಉಮಾದೇವಿಯವರ ಕೈಯಲ್ಲಿ ಹಾಗೆಯೇ ಉಳಿಯಿತು.

"ಹೊಳ್ಳೋ ಜಾಗದ ಎತ್ತರ ಮೈನಸ್ ಒಂದು," ಕಲ್ಯಾಣಿ ಮುಂದುವರಿಸಿದಳು. "ಮ್ಯಾಲಿನ ಸಾಲು ಮೈನಸ್ ಒಂದು ಗುಣಿಲೆ ಮೂರು, ಮೈನಸ್ ಮೂರು. ಕೆಳಗ ಮೈನಸ್ ಮೂರರ ವರ್ಗ, ಒಂಬತ್ತು. ಅಂದ್ರ ಕೆ ಮೂರು." ಇಲ್ಲಿಗೆ ಬಂದು ನಿಂತಳು. ಹುಬ್ಬು ಕೂಡಿಕೊಂಡವು. "ಆದ್ರ ಇದು ಕೂಡವಲ್ದು."

"ಯಾಕ?"

"ಮ್ಯಾಲಿನ ಸಾಲಿನಾಗೂ ಎಕ್ಸ್ ಎರಡು ಸಲ, ಕೆಳಗೂ ಎರಡು ಸಲ. ಬಳ್ಳಿ ದೂರ ಹೋದಂಗ ಹೋದಂಗ ಉಳಿದದ್ದೆಲ್ಲ ಸಣ್ಣದಾಗಿ, ಮೂರು ಒಂದೇ ನಿಲ್ಲಬೇಕು. ಮೂರು ಮನಿ ಎತ್ತರದಾಗ ಮಲಗಿದ ಗೆರಿ ಇರಾಕನ ಬೇಕ್ರಿ. ನಮ್ಮವ್ವ ಇಲ್ಲ ಅಂತಾಳ. ಲೆಕ್ಕ ಅದ ಅಂತದ." ಅವಳು ತಾಯಿಯ ಕಡೆ ಮುಖ ತಿರುಗಿಸಿದಳು. "ಯವ್ವಾ, ಬಳ್ಳಿ ಎಡತುದಿಗೆ ಎಷ್ಟು ಎತ್ತರ ಅದ?"

"ಎರಡಕ್ಕ ಕೂದಲಷ್ಟು ಕಮ್ಮಿ."

"ಬಲತುದಿಗೆ?"

"ನಾಲ್ಕೂವರಿಗೆ ಒಂಚೂರು ಕಮ್ಮಿ. ಇನ್ನೂ ಇಳಿಯಾಕತ್ತದ."

"ಒಂದು ಮೂರರ ಕೆಳಗ, ಒಂದು ಮೂರರ ಮ್ಯಾಲ. ನೆಲದಿಂದ ಮೂರು ಮನಿ ಎತ್ತರದಾಗ ಏನದ, ಹೇಳು. ಇದ್ದಂಗ ಹೇಳು."

ಗೋಪಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಚುಕ್ಕಿ ಗೆರಿ ಒಂದು ಅದಬೇ," ಅಂದಳು. "ಆದ್ರ ಅದು ಮುಟ್ಟದ ಗೆರಿ ಅಲ್ಲ. ಅದಕ್ಕ ಬಿಟ್ಟೆ. ಬಳ್ಳಿ ಅದನ್ನ ಒಂದು ಕಡಿ ಕಡ್ಕೊಂಡು ಮ್ಯಾಲ ಹೋಗ್ಯದ. ಕಣ್ಣಾರೆ ಕಾಣಾಕತ್ತದ. ಎಲ್ಲಿ ಅಂದ್ರ..."

"ಹೇಳಬ್ಯಾಡ ಯವ್ವಾ. ತಡಿ."

ಹೆಬ್ಬೆರಳು ಮತ್ತೆ ಗೆಣ್ಣುಗಳ ಮೇಲೆ ಓಡಿತು. ಈ ಸಲ ಬಹಳ ಹೊತ್ತು ಹಿಡಿಯಲಿಲ್ಲ. "ಎಕ್ಸ್ ಸ್ಕ್ವೇರ್ ಪ್ಲಸ್ ಫೋರ್ ಎಕ್ಸ್ ಒಂದು ಕಡಿ, ಎಕ್ಸ್ ಸ್ಕ್ವೇರ್ ಮೈನಸ್ ಫೋರ್ ಎಕ್ಸ್ ಪ್ಲಸ್ ಫೋರ್ ಇನ್ನೊಂದು ಕಡಿ. ಸ್ಕ್ವೇರ್ ಹೋಯ್ತು. ಎಂಟು ಎಕ್ಸ್ ಅಂದ್ರ ನಾಲ್ಕು." ಅವಳ ಮುಖದಲ್ಲಿ ನಗೆ ಅರಳಿತು. "ಕಂಬದಿಂದ ಬಲಕ್ಕ ಅರ್ಧ ಮನಿ. ಅಲ್ಲಿ ಕಡೀತದ. ಅದೊಂದೇ ಕಡಿ. ನೋಡು."

ಗೋಪಮ್ಮ ಬಗ್ಗಿ ನೋಡಿದಳು. ಅವಳ ಜತೆ ಹುಸೇನಪೀರರೂ ಬಗ್ಗಿದರು. ತಾವೇ ಬಿಡಿಸಿದ್ದಾದರೂ ಆ ಜಾಗ ಎಂದೂ ಅಳೆದು ನೋಡಿರಲಿಲ್ಲ. ಕಂಬ ಒಂದು ಕಡೆ, ಬಲಕ್ಕೆ ಮೊದಲನೇ ಮನೆಯ ಗೆರೆ ಇನ್ನೊಂದು ಕಡೆ. ಸರಿಯಾಗಿ ನಡುಮಧ್ಯದಲ್ಲಿ ಬಳ್ಳಿ ಚುಕ್ಕೆಗಳನ್ನು ದಾಟಿತ್ತು.

"ಹೌದವ್ವಾ," ಅಂದಳು ಗೋಪಮ್ಮ. "ಅರ್ಧದಾಗನ ಅದ."

"ಹಂಗಂದ್ರ ಅದೇ ಗೆರಿ ಯವ್ವಾ. ಕಂಬದ ಹತ್ರ ಒಮ್ಮೆ ದಾಟಿದ್ರೂ ಅದು ಕೆಡಂಗಿಲ್ಲ. ದೂರ ಹೋದಮ್ಯಾಲ ಬಳ್ಳಿ ಯಾವುದರ ಹತ್ರ ಹತ್ರ ಹೋಗ್ತದ, ಅಷ್ಟನ್ನ ಕೇಳಬೇಕು." ಆಮೇಲೆ ಉಮಾದೇವಿಯವರ ಕಡೆ ತಿರುಗಿ, ತರಗತಿಯಲ್ಲಿ ಎದ್ದು ಉತ್ತರ ಹೇಳುವವಳಂತೆ ನಿಂತು ಹೇಳಿದಳು: "ವೈ ಈಕ್ವಲ್ ಟು ತ್ರೀ ಎಕ್ಸ್, ಇಂಟು ಎಕ್ಸ್ ಪ್ಲಸ್ ಫೋರ್, ಇಡೀದಕ್ಕೆ ಎಕ್ಸ್ ಮೈನಸ್ ಟೂ ಹೋಲ್ ಸ್ಕ್ವೇರ್ ಕೆಳಗ್ರಿ."

ಹುಸೇನಪೀರರು ಹಾಳೆಯ ಒಂದು ಮೂಲೆಯಿಂದ ಪುಸ್ತಕ ತೆಗೆದು ಅಂಚನ್ನು ಮಡಚಿದರು. ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಸಣ್ಣಗೆ ಸಮೀಕರಣ ಬರೆದಿತ್ತು. ಉಮಾದೇವಿ ಓದಿಕೊಂಡರು.

"ಮಾಶಾಅಲ್ಲಾ," ಅಂದರು ಹುಸೇನಪೀರರು ಮೆಲ್ಲಗೆ. "ನನ್ನ ಹುಡುಗರಿಗೆ ಈ ಗೆರಿ ಕಣ್ಣಿಗೇ ಕಾಣ್ತದ, ಆದ್ರೂ ಬಿಟ್ಟು ಬರೀತಾರ. ಈ ಹುಡುಗಿ, ಇಲ್ಲ ಅಂತ ಹೇಳಿದ್ರೂ, ಹುಡುಕಿ ತೆಗೆದ್ಳು."

ಗೋಪಮ್ಮನ ಮುಖ ಸಣ್ಣದಾಗಿತ್ತು. "ನಂದು ತಪ್ಪಾಯ್ತ್ರಿ ಮೇಡಂ. ನಾ ನೆಟ್ಟಗ ಹೇಳಿದ್ರ ಆಕಿಗೆ ಇಷ್ಟು ತ್ರಾಸ ಇರಲಿಲ್ಲ."

"ತಪ್ಪು ನಿಮ್ಮದಲ್ಲ ಗೋಪಮ್ಮ," ಜಗನ್ನಾಥರು ಈಗ ಮಾತಾಡಿದರು. "ಮುಟ್ಟದ ಗೆರೆ ಅಂತ ಹೆಸರಿಟ್ಟವ ನಾನು. ಮಲಗಿದ ಗೆರೆಯನ್ನ ನಡುವ ಬಳ್ಳಿ ದಾಟಬಹುದು ಅನ್ನೂದು ನನಗ ಗೊತ್ತಿತ್ತು, ಹೇಳೂದು ಬಿಟ್ಟೆ. ಸಣ್ಣ ಮಾತು ಅಂತ ಬಿಟ್ಟೆ."

"ನಿಮಗ ಸಣ್ಣದ್ರಿ ಸರ್ರ." ಗೋಪಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಅವಳ ರೂಢಿಯಷ್ಟೇ ಇತ್ತು. "ಒಮ್ಮೆ ಮುಟ್ಟಿದ್ರ ಮುಗೀತು ಅಂತ ಕೇಳಿ ಬೆಳೆದವರು ನಾವು. ಮುಟ್ಟ್ಯದ, ಇನ್ನ ಅದರ ಹೆಸರು ಹೋಯ್ತು ಅಂದ್ಕೊಂಡೆ. ಗೆರಿಗಳ್ಯಾಗ ಹಂಗಿಲ್ಲ ಅಂತ ಈಗ ತಿಳೀತು. ಚಲೋನ ಆಯ್ತು."

ಜಗನ್ನಾಥರು ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸಿದರು, ಒರೆಸುತ್ತಲೇ ಇದ್ದರು. ಅವರ ಮನೆತನ ತಲೆತಲಾಂತರದಿಂದ ಗುಡಿಯ ಸೇವೆ ಮಾಡಿಕೊಂಡು ಬಂದದ್ದು. ಎಷ್ಟೋ ಪಾಠ ಕೇಳಿದ್ದರು, ಎಷ್ಟೋ ಪಾಠ ಹೇಳಿದ್ದರು. ಒಂದು ಪದದೊಳಗೆ ಇಷ್ಟು ದೂರದ ನೋವು ಕೂತಿರುತ್ತದೆ ಎಂದು ಯಾವ ಪಾಠದಲ್ಲೂ ಬಂದಿರಲಿಲ್ಲ.

"ಹಂಗಾದ್ರ ನೀವೇ ಒಂದು ಹೆಸರು ಹೇಳ್ರಿ," ಅಂದರು ಕೊನೆಗೆ. "ಇನ್ನ ಮುಂದ ದೇವದುರ್ಗದಾಗ ನನ್ನ ಪಾಠದಾಗ ಅದೇ ನಡೀತದ."

ಗೋಪಮ್ಮ ವಿಚಾರ ಮಾಡಿದಳು. "ಗುರಿ ಗೆರಿ ಅನ್ನೂಣೇನ್ರಿ? ನಡುದಾರ್ಯಾಗ ಎಡವಲಿ, ದಾಟಲಿ, ಕಡೀಕ ಅದರ ಕಡೀಗೇ ಹೋಗ್ತದಲ್ಲ."

"ಅನ್ನೂಣು," ಅಂದರು ಜಗನ್ನಾಥರು. ಹುಸೇನಪೀರರು ಜೇಬಿನಿಂದ ಚೀಟಿ ತೆಗೆದು ಆ ಪದವನ್ನು ಬರೆದುಕೊಂಡರು. ಬರೆದುಕೊಳ್ಳುತ್ತ ಅಂದರು: "ಗೋಪಮ್ಮನವರ, ಒಂದಿನ ನನ್ನ ಕ್ಲಾಸಿಗೆ ಬರಬೇಕ್ರಿ. ಹುಡುಗರನ್ನ ಬೋರ್ಡಿಗೆ ಬೆನ್ನು ಮಾಡಿ ಕೂಡಸ್ತೀನಿ. ನೀವು ನೋಡಿ ಹೇಳ್ರಿ, ಅವರು ಬರೀಲಿ."

"ಅಯ್ಯ, ಮುನ್ನೂರು ಮಕ್ಕಳ ಅಡುಗಿ ಬಿಟ್ಟು ಬರಾಕಾಗ್ತದೇನ್ರಿ?"

"ಐತವಾರ ಬರ್ರಿ."

"ಐತವಾರ ನಿಮ್ಮ ಹುಡುಗರು ಬರ್ತಾರೇನ್ರಿ?"

"ಅದೂ ಖರೆ," ಅಂದರು ಅವರು, ಎಲ್ಲರೂ ನಕ್ಕರು.

ಉಮಾದೇವಿ ಮಾತ್ರ ನಗಲಿಲ್ಲ. ಅರ್ಜಿಯನ್ನು ಹತ್ತಿರ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಖಾಲಿ ಇದ್ದ ಮನೆಯಲ್ಲಿ ಬರೆದರು. ಕೆಳಗೆ ಸಹಿ ಹಾಕಿದರು. ಸಹಿ ಹಾಕಿ ಒಂದು ಕ್ಷಣ ಅದನ್ನೇ ನೋಡಿದರು. "ಇಪ್ಪತ್ತಾರು ವರ್ಷ ಆಯ್ತು ಈ ಕುರ್ಚ್ಯಾಗ," ಅಂದರು, ಯಾರಿಗೆ ಎಂದಿಲ್ಲದೆ. "ಇಂಥಾ ಸಹಿ ಹಾಕಿರಲಿಲ್ಲ." ಆಮೇಲೆ ಅರ್ಜಿಯನ್ನು ಕಲ್ಯಾಣಿಯ ಕೈಗೆ ಕೊಟ್ಟರು. "ತಗೋಮ್ಮ. ಸೋಮವಾರ ಹತ್ತಕ್ಕ ಮೊದಲನೇ ಪಾಠ. ಮುಂದಿನ ಬೆಂಚಿನಾಗ ಕೂಡು. ಕಣ್ಣಿಗಲ್ಲ, ನಿನ್ನ ಪ್ರಶ್ನೆ ನನಗ ಕೇಳಿಸಬೇಕು, ಅದಕ್ಕ."

ಮೊಗಸಾಲೆಗೆ ಬಂದ ಮೇಲೆ ಕಲ್ಯಾಣಿ ನಿಂತಳು. ಕಾಗದವನ್ನು ತಾಯಿಯ ಕೈಗೆ ಕೊಟ್ಟಳು.

"ಏನು ಬರದಾರ, ಹೇಳು."

"ಕೇಳಿಸ್ಕೊಂಡಿಯಲ್ಲ."

"ಕೇಳೀನಿ. ಹೆಂಗದ ಹೇಳು."

ಗೋಪಮ್ಮ ಕಾಗದವನ್ನು ಬಿಸಿಲಿಗೆ ಹಿಡಿದಳು. ಜಗನ್ನಾಥರು ನಾಲ್ಕು ಹೆಜ್ಜೆ ಹಿಂದೆಯೇ ನಿಂತರು.

"ಮೂರು ಅಕ್ಷರ," ಅಂದಳು ಗೋಪಮ್ಮ. ಒಂದೊಂದನ್ನೂ ಬೆರಳಿಟ್ಟು ಎಣಿಸಿ ನೋಡಿ, ಮತ್ತೊಮ್ಮೆ ಎಣಿಸಿದಳು. "ನೀಲಿ ಮಸಿ. ಗಣಿತ ಅಂತ ದೊಡ್ಡದಾಗಿ ಬರದಾರ. ಮನಿ ತುಂಬ್ಯದ, ಗೆರಿ ದಾಟಿಲ್ಲ. ಎಲ್ಲೂ ತಿದ್ದಿಲ್ಲಬೇ, ಒಂದೇ ಸಲಕ್ಕ ಬರದಾರ."